ತಡೆಹಿಡಿದ ಸೆಟಲ್‌ಮೆಂಟ್ ಕೇಳುವ ಪತ್ರ

ಗಿರಾಕಿ ಆನ್‌ಲೈನಿನಲ್ಲಿ ಕೊಟ್ಟ ಹಣ ನೇರವಾಗಿ ಅಂಗಡಿಯವರ ಖಾತೆಗೆ ಬಂದು ಬೀಳುವುದಿಲ್ಲ. ಅದನ್ನು ಮೊದಲು ಪೇಮೆಂಟ್ ಕಂಪನಿ ಪಡೆಯುತ್ತದೆ. ಶುಲ್ಕ ಮುರಿದುಕೊಂಡು, ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳಲ್ಲಿ ಉಳಿದದ್ದನ್ನು ಅಂಗಡಿಯ ಬ್ಯಾಂಕ್ ಖಾತೆಗೆ ಕಳಿಸುತ್ತದೆ. ಇದೇ ಸೆಟಲ್‌ಮೆಂಟ್. ಜನ ಇಂಥ ಕಂಪನಿಯನ್ನು ಪೇಮೆಂಟ್ ಗೇಟ್‌ವೇ ಎಂದು ಕರೆದರೂ, ಹಣ ಕೈಗೆತ್ತಿಕೊಳ್ಳುವ ಕಂಪನಿಗೆ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಪೇಮೆಂಟ್ ಅಗ್ರಿಗೇಟರ್ ಎಂಬ ಹೆಸರಿದೆ. 2020ರ ಮಾರ್ಚ್ 17ರ ಮಾರ್ಗಸೂಚಿ ಹೇಳಿದ್ದಂತೆ, ಅಗ್ರಿಗೇಟರ್ ಈ ಹಣವನ್ನು ವಾಣಿಜ್ಯ ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಬೇರೆಯಾಗಿಯೇ ಇಡಬೇಕು, ತನ್ನ ಸ್ವಂತ ವ್ಯವಹಾರದ ಹಣದೊಂದಿಗೆ ಬೆರೆಸುವಂತಿಲ್ಲ. ಆದ್ದರಿಂದ ಅಂಗಡಿಯವರು ಬರೆಯುವ ಪತ್ರಕ್ಕೆ ಬೇಡಿಕೊಳ್ಳುವ ಧಾಟಿ ಬೇಕಿಲ್ಲ. ತಮಗೆ ಸಲ್ಲಬೇಕಾದ ಹಣದ ಲೆಕ್ಕ ಕೇಳುವ ಧಾಟಿ ಸಾಕು.

ಪತ್ರ ಬರೆಯುವ ಮೊದಲು ನೋಡಬೇಕಾದ ಒಂದು ಸಂಗತಿಯಿದೆ. ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಆ ಸೆಟಲ್‌ಮೆಂಟಿನ ಮುಂದೆ UTR ಸಂಖ್ಯೆ ಕಾಣಿಸುತ್ತಿದ್ದರೆ ಕಂಪನಿ ಹಣ ಕಳಿಸಿದೆ ಎಂದರ್ಥ. ಆಗ ಆ ಸಂಖ್ಯೆ ಹಿಡಿದು ಹೋಗಬೇಕಾದದ್ದು ತಮ್ಮ ಬ್ಯಾಂಕಿಗೆ. ಸಂಖ್ಯೆ ಇಲ್ಲದೆ, ತಡೆಹಿಡಿಯಲಾಗಿದೆ ಎಂಬ ಸ್ಥಿತಿ ಮಾತ್ರ ಕಂಡರೆ ಪತ್ರ ಕಂಪನಿಗೇ ಹೋಗಬೇಕು.

ಇಳಕಲ್ಲಿನ ಒಂದು ಸಣ್ಣ ಸೀರೆ ಅಂಗಡಿಯನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಫೋನಿನಲ್ಲಿ ಆರ್ಡರ್ ಪಡೆದು, ಪೇಮೆಂಟ್ ಲಿಂಕ್ ಕಳಿಸಿ, ಕೊರಿಯರ್ ಮೂಲಕ ಸೀರೆ ಮುಟ್ಟಿಸುವ ವ್ಯಾಪಾರ ಅದು. ದಿನಕ್ಕೆ ಆರೇಳು ಸಾವಿರ ಇದ್ದ ಮಾರಾಟ ದೀಪಾವಳಿಯ ಮುಂಚೆ ಇಪ್ಪತ್ತು ಸಾವಿರ ದಾಟುತ್ತದೆ, ಹಣ ಬರುವುದು ನಿಲ್ಲುತ್ತದೆ. ಇಂಥ ದಿಢೀರ್ ಏರಿಕೆ ಕಂಡಾಗ ಕಂಪನಿಗಳು ವಂಚನೆಯ ಅನುಮಾನದಿಂದ ಪರಿಶೀಲನೆಗೆ ಇಳಿಯುತ್ತವೆ. ಪ್ಯಾನ್ ಕಾರ್ಡಿನಲ್ಲಿ ಮಾಲೀಕರ ಹೆಸರು, ಬ್ಯಾಂಕ್ ಖಾತೆಯಲ್ಲಿ ಅಂಗಡಿಯ ಹೆಸರು ಇರುವುದು ಮತ್ತೊಂದು ಕಾರಣ. ಗಿರಾಕಿ ತನ್ನ ಬ್ಯಾಂಕಿನಲ್ಲಿ ದೂರಿತ್ತು ಹಣ ವಾಪಸ್ ಕೇಳಿದರೂ, ಅಂದರೆ ಚಾರ್ಜ್‌ಬ್ಯಾಕ್ ಬಂದರೂ, ಹೀಗಾಗುತ್ತದೆ.

ಪತ್ರದಲ್ಲಿ ಹೆಚ್ಚಾಗಿ ಎಡವುವುದು ಮೊತ್ತದಲ್ಲಿ. ಈ ಅಂಗಡಿಯ ಒಂಬತ್ತು ದಿನದ ಮಾರಾಟ 1,84,600 ರೂಪಾಯಿ ಎಂದಿಟ್ಟುಕೊಂಡರೆ, ಬರಬೇಕಾದದ್ದು ಅಷ್ಟೂ ಅಲ್ಲ. ಶೇ. 2ರ ಶುಲ್ಕ 3,692 ರೂ. ಆಗುತ್ತದೆ. ಆ ಶುಲ್ಕದ ಮೇಲೆ ಶೇ. 18ರ ಜಿಎಸ್‌ಟಿ 664.56 ರೂ. ಗಿರಾಕಿಯೊಬ್ಬರಿಗೆ ಮರಳಿಸಿದ ಹಣ 3,200 ರೂ. ಇವಿಷ್ಟನ್ನೂ ಕಳೆದರೆ ಉಳಿಯುವುದು 1,77,043.44 ರೂ. ಪತ್ರದಲ್ಲಿ ಬರೆಯಬೇಕಾದ ಮೊತ್ತ ಇದು. ಒಟ್ಟು ಮಾರಾಟವನ್ನೇ ಬರೆದರೆ ಕಂಪನಿಯ ಲೆಕ್ಕಕ್ಕೆ ಅದು ತಾಳೆಯಾಗುವುದಿಲ್ಲ; ಆ ವ್ಯತ್ಯಾಸದ ಬಗ್ಗೆ ಪ್ರಶ್ನೆ ಕೇಳುವುದರಲ್ಲೇ ಮತ್ತೆ ಕೆಲವು ದಿನ ಕಳೆಯುತ್ತವೆ.

ಮರ್ಚೆಂಟ್ ಐಡಿ, ದಿನಾಂಕಗಳು ಮತ್ತು ಈ ಲೆಕ್ಕದ ನಂತರ ಪತ್ರದ ತಿರುಳು ಹೀಗಿರಬಹುದು:

"ನಮ್ಮ ಒಪ್ಪಂದದಲ್ಲಿ ಹೇಳಿರುವ ಸೆಟಲ್‌ಮೆಂಟ್ ಅವಧಿ ಮುಗಿದು ಒಂದು ವಾರ ಕಳೆದಿದೆ. ಒಪ್ಪಂದದ ಯಾವ ಷರತ್ತಿನ ಅಡಿಯಲ್ಲಿ, ಯಾವ ವಹಿವಾಟುಗಳಿಗಾಗಿ ಹಣ ತಡೆಯಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. 5,800 ರೂ.ಗಳ ಎರಡು ಆರ್ಡರ್‌ಗಳ ಬಗ್ಗೆ ತಕರಾರಿದ್ದರೆ ಅಷ್ಟನ್ನು ಮಾತ್ರ ಉಳಿಸಿಕೊಂಡು, ಮಿಕ್ಕ 1,71,243.44 ರೂ.ಗಳನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇವೆ."

ಕೊನೆಯ ವಾಕ್ಯವೇ ಪತ್ರದ ಜೀವಾಳ. ಎಲ್ಲವನ್ನೂ ಬಿಡಿ ಎಂದರೆ ಪರಿಶೀಲಿಸುವವರು ಅಪಾಯವನ್ನು ತಮ್ಮ ಮೇಲೆ ಎಳೆದುಕೊಳ್ಳಲು ಹಿಂಜರಿಯುತ್ತಾರೆ. ತಕರಾರಿನ ಭಾಗ ಬೇರೆ, ತಕರಾರಿಲ್ಲದ ಭಾಗ ಬೇರೆ ಎಂದು ಅಂಗಡಿಯವರೇ ಬಿಡಿಸಿಟ್ಟರೆ, ದೊಡ್ಡ ಮೊತ್ತವನ್ನು ತಡೆದಿಟ್ಟುಕೊಳ್ಳಲು ಕಾರಣ ಹೇಳುವ ಹೊಣೆ ಕಂಪನಿಯ ಮೇಲೆ ಬೀಳುತ್ತದೆ. ನೇಕಾರರಿಗೆ ಬಾಕಿ ಕೊಡಬೇಕಾದ ಅಂಗಡಿಗೆ ಆ ದೊಡ್ಡ ಭಾಗ ಬೇಗ ಸಿಗುವುದೇ ಮುಖ್ಯ.

ಜೊತೆಗೆ ಪ್ರತಿ ಆರ್ಡರ್‌ನ ಬಿಲ್ಲು, ಕೊರಿಯರ್ ರಸೀದಿ ಸಂಖ್ಯೆ, ಸರಕು ತಲುಪಿದ ದಿನಾಂಕಗಳ ಪಟ್ಟಿಯನ್ನು ಲಗತ್ತಿಸಬೇಕು. ಮಾರಾಟ ಏಕೆ ಏರಿತು ಎಂಬುದಕ್ಕೆ ಒಂದೆರಡು ಸಾಲು ಸಾಕು. ಹಿಂದಿನ ವರ್ಷದ ಹಬ್ಬದ ದಿನಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಅದೇ ಒಳ್ಳೆಯ ಪುರಾವೆ. ಗಿರಾಕಿಗಳ ಕಾರ್ಡ್ ಸಂಖ್ಯೆ, ಓಟಿಪಿಗಳನ್ನು ಯಾರು ಕೇಳಿದರೂ ಕಳಿಸಬಾರದು.

ಪತ್ರವನ್ನು ಸಹಾಯವಾಣಿಯ ಟಿಕೆಟ್ ಮೂಲಕ ಕಳಿಸಿ, ಆ ಟಿಕೆಟ್ ಸಂಖ್ಯೆಯೊಂದಿಗೆ ಕಂಪನಿಯ ನೋಡಲ್ ಅಧಿಕಾರಿಗೂ ಇಮೇಲ್ ಮಾಡಬೇಕು. ಇಂಥ ಅಧಿಕಾರಿಯನ್ನು ನೇಮಿಸಿ, ಅವರ ವಿವರವನ್ನು ವೆಬ್‌ಸೈಟಿನಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದು 2020ರ ಮಾರ್ಗಸೂಚಿಯೇ ಹೇಳಿತ್ತು. ಸೈಬರ್ ಅಪರಾಧದ ದೂರಿನ ಮೇಲೆ ಪೊಲೀಸರ ಸೂಚನೆಯಂತೆ ಹಣ ತಡೆದಿದ್ದರೆ ಕಂಪನಿ ತಾನಾಗಿ ಅದನ್ನು ಬಿಡುವುದು ಕಷ್ಟ. ಆಗ ದೂರಿನ ಸಂಖ್ಯೆ, ಠಾಣೆಯ ಹೆಸರು, ತಡೆಹಿಡಿದ ಮೊತ್ತ ಇವನ್ನು ಪತ್ರದಲ್ಲಿ ಕೇಳಿ ಪಡೆದು, ಬಿಲ್ಲು ಮತ್ತು ಕೊರಿಯರ್ ದಾಖಲೆಗಳೊಂದಿಗೆ ಆ ಠಾಣೆಯ ತನಿಖಾಧಿಕಾರಿಗೆ ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ.