ಜಿಗಿತದ ಬುಡದಲ್ಲಿರುವ ವಲಯ

ಷೇರಿನ ಬೆಲೆ ಪದೇ ಪದೇ ಬಂದು ತಿರುಗಿದ ಜಾಗಕ್ಕೆ ಗೆರೆ ಎಳೆದರೆ ಅದು ಸಪೋರ್ಟ್ ಅಥವಾ ರೆಸಿಸ್ಟೆನ್ಸ್. ಡಿಮಾಂಡ್ ವಲಯ ಗುರುತಿಸಲು ಒಂದೇ ಒಂದು ಬಲವಾದ ಜಿಗಿತ ಸಾಕು. ನೋಡಬೇಕಾದದ್ದು ಅದರ ಬುಡವನ್ನು.

ಒಂದು ಕಾಲ್ಪನಿಕ ಷೇರು ನಾಲ್ಕು ದಿನ 500 ರೂಪಾಯಿಯ ಆಸುಪಾಸಿನಲ್ಲೇ ಸಣ್ಣ ಕ್ಯಾಂಡಲ್‌ಗಳಲ್ಲಿ ಹೊರಳಾಡಿ, ಐದನೇ ದಿನ ಒಂದೇ ಉಸಿರಿಗೆ 530 ದಾಟಿತು ಎನ್ನಿ. ಆ ನಾಲ್ಕು ಕ್ಯಾಂಡಲ್‌ಗಳ ಅತಿ ಕೆಳಗಿನ ಬತ್ತಿಯ ತುದಿ 497, ಕ್ಯಾಂಡಲ್ ದೇಹಗಳ ಮೇಲಂಚು 504. ಈ ಎರಡರ ನಡುವಿನ ಪಟ್ಟಿಯೇ ವಲಯ. ದೊಡ್ಡ ಖರೀದಿದಾರರ ಆರ್ಡರ್‌ಗಳು ಪೂರ್ತಿ ತುಂಬದೆ ಅಲ್ಲೇ ಉಳಿದಿರಬಹುದು ಎಂಬುದು ಇದರ ಹಿಂದಿನ ತರ್ಕ. ಅದು ಊಹೆಯೇ, ಚಾರ್ಟಿನಲ್ಲಿ ಆರ್ಡರ್ ಕಾಣುವುದಿಲ್ಲ.

ಇಲ್ಲೇ ಎರಡೂ ಪದ್ಧತಿಗಳಿಗೆ ಜಗಳ. ಹೆಚ್ಚು ಸಲ ಮುಟ್ಟಿದಷ್ಟೂ ಸಪೋರ್ಟ್ ಗಟ್ಟಿ ಎನ್ನುತ್ತಾರೆ ಹಳಬರು. ವಲಯ ಮಾತ್ರ ಪ್ರತಿ ಭೇಟಿಗೂ ಸವೆಯುತ್ತದೆ, ಉಳಿದ ಆರ್ಡರ್‌ಗಳು ಖರ್ಚಾಗುತ್ತವೆ. ಹಾಗಾಗಿ ಮೊದಲ ಮರುಭೇಟಿಗೇ ಬೆಲೆ ಹೆಚ್ಚು. ಬೆಲೆ 504ಕ್ಕೆ ಇಳಿದಾಗ ಕೊಂಡವರು ಸ್ಟಾಪ್ ಲಾಸನ್ನು 497ರ ಕೆಳಗಿಡುತ್ತಾರೆ. ವಲಯದೊಳಗೆ ಬಂದ ಬೆಲೆ ಚಿಮ್ಮದೆ ದಿನಗಟ್ಟಲೆ ತೆವಳಿದರೆ ಅಲ್ಲಿ ಕೊಳ್ಳುವವರು ಮುಗಿದಿದ್ದಾರೆ ಎಂದೇ ನಾನು ಓದುತ್ತೇನೆ.