ಒತ್ತಿದರೂ ಮುಚ್ಚದ ಅಭಿಧಮನಿ

ಮಂಡಿ ಆಪರೇಷನ್ ಆಗಿ ಕೆಲವು ದಿನಗಳಿಗೆ ಎಡಗಾಲು ಊದಿಕೊಂಡು, ಮೀನಖಂಡ ನೋಯತೊಡಗಿದರೆ ವೈದ್ಯರು ಡಾಪ್ಲರ್ ಸ್ಕ್ಯಾನ್ ಬರೆದುಕೊಡುತ್ತಾರೆ. ಹೆಸರು ಡಾಪ್ಲರ್ ಆದರೂ ಇಲ್ಲಿ ಮುಖ್ಯ ಕೆಲಸ ಮಾಡುವುದು ಕೈಯ ಒತ್ತಡ.

ತೊಡೆಸಂದಿಗೆ ಜೆಲ್ ಹಚ್ಚಿ ಪ್ರೋಬನ್ನು ಅಡ್ಡಲಾಗಿ ಇಟ್ಟಾಗ ಪರದೆಯ ಮೇಲೆ ಅಕ್ಕಪಕ್ಕ ಎರಡು ಕಪ್ಪು ವೃತ್ತಗಳು ಕಾಣುತ್ತವೆ. ಮಿಡಿಯುವುದು ಅಪಧಮನಿ, ಪಕ್ಕದ್ದು ಅಭಿಧಮನಿ. ನೇರವಾಗಿ ಒತ್ತಿದರೆ ಆರೋಗ್ಯವಂತ ಅಭಿಧಮನಿಯ ಗೋಡೆಗಳು ಒಂದಕ್ಕೊಂದು ತಾಗಿ ವೃತ್ತ ಪೂರ್ತಿ ಮಾಯವಾಗುತ್ತದೆ. ಅಪಧಮನಿಯೇ ಸ್ವಲ್ಪ ಚಪ್ಪಟೆಯಾಗುವಷ್ಟು ಒತ್ತಿದರೂ ಅದು ಮುಚ್ಚದಿದ್ದರೆ ಒಳಗೆ ಹೆಪ್ಪು ಕೂತಿದೆ ಎಂದರ್ಥ. ಹೊಸ ಹೆಪ್ಪು ರಕ್ತದಷ್ಟೇ ಕಪ್ಪಾಗಿ ಕಾಣಬಹುದು, ಹಾಗಾಗಿ ಬರೀ ಕಣ್ಣನ್ನು ನಂಬುವಂತಿಲ್ಲ. ಹೀಗೆ ಸುಮಾರು 2 ಸೆಂಟಿಮೀಟರಿಗೊಮ್ಮೆ ಒತ್ತುತ್ತಾ ಮಂಡಿಯ ಹಿಂಭಾಗದವರೆಗೂ, ಅಲ್ಲಿಂದ ಮೀನಖಂಡಕ್ಕೂ ಇಳಿಯಬೇಕು.

ಎಡವುವುದು ತೊಡೆಯ ಕೆಳಭಾಗದಲ್ಲಿ. ಅಲ್ಲಿ ನಾಳ ಸ್ನಾಯುಗಳ ನಡುವೆ ಆಳದಲ್ಲಿರುವುದರಿಂದ ಮೇಲಿನಿಂದ ಒತ್ತಿದ್ದು ತಲುಪದೆ, ಇಲ್ಲದ ಹೆಪ್ಪು ಇದೆ ಅನಿಸಬಹುದು. ಅನುಭವಿಗಳು ಇನ್ನೊಂದು ಕೈಯನ್ನು ತೊಡೆಯ ಕೆಳಗಿಟ್ಟು ಪ್ರೋಬಿನ ಕಡೆಗೆ ಒತ್ತುತ್ತಾರೆ.

ನಮ್ಮ ಉದಾಹರಣೆಯ ರೋಗಿಯ ವರದಿ ಹೀಗಿರಬಹುದು: ‘ಎಡ ಪಾಪ್ಲಿಟಿಯಲ್ ಅಭಿಧಮನಿ ಹಿಗ್ಗಿದೆ, ಒತ್ತಿದಾಗ ಮುಚ್ಚುವುದಿಲ್ಲ, ಒಳಗೆ ಹರಿವಿಲ್ಲ. ತೊಡೆಯ ಅಭಿಧಮನಿಗಳು ಪೂರ್ತಿ ಮುಚ್ಚುತ್ತವೆ. ತೀವ್ರ ಡೀಪ್ ವೇನ್ ಥ್ರಾಂಬೋಸಿಸ್.’ ಹೆಪ್ಪು ಎಲ್ಲಿ ಮುಗಿಯುತ್ತದೆ ಎಂಬುದನ್ನು ಬರೆಯದ ವರದಿ ನನ್ನ ಪ್ರಕಾರ ಅರ್ಧ ವರದಿ. ಮಂಡಿ ಮತ್ತು ಅದರ ಮೇಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಅಪಾಯ ಹೆಚ್ಚು.

ಸೊಂಟದೊಳಗಿನ ನಾಳಗಳನ್ನು ಹೀಗೆ ಒತ್ತಲಾಗದು. ಅಲ್ಲಿಗೆ ಡಾಪ್ಲರ್‌ನ ಹರಿವಿನ ಚಿತ್ರವೋ ಸಿಟಿಯೋ ಬೇಕು. ಮೀನಖಂಡ ಸರಿಯಾಗಿ ಕಾಣದೆ ಅನುಮಾನ ಉಳಿದರೆ ಸುಮಾರು ಒಂದು ವಾರದೊಳಗೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ.