ಬಾರದ ಎರಡನೇ ಮೆಸೇಜು

ಜಹೀರಾಬಾದಿನಿಂದ ಕಾಕಾ ಫೋನ್ ಮಾಡಿದ್ದು 2025ರ ಅಕ್ಟೋಬರ್ 8ರ ಬೆಳಿಗ್ಗೆ. "ನಿನ್ನೆ ಸಂಜಿಗಿ ಕಾರ್ಡಿನ ಬಿಲ್ ಕಟ್ಟೀನಿ. ಖಾತೆದಾಗಿಂದ ರೊಕ್ಕ ಹೋಗ್ಯಾದ. ಈಗ ನೋಡಿದ್ರ ಬಿಲ್ ಬಾಕಿ ಅದ ಅಂತ ಮೆಸೇಜ್ ಬಂದದ" ಎಂದರು. ಬಿಲ್ಲು ₹18,400, ಕಟ್ಟುವ ಕೊನೆಯ ದಿನ ಅಕ್ಟೋಬರ್ 7. ಖಾತೆ ಒಂದು ಬ್ಯಾಂಕಿನದು, ಕಾರ್ಡು ಇನ್ನೊಂದರದು.

ಇನ್ನೊಮ್ಮೆ ಕಟ್ಟಿಬಿಡಲೇ ಎಂದು ಕೇಳಿದರು. ಸ್ವಲ್ಪ ತಡೆಯಿರಿ, ಮೊದಲು ಹಣ ಎಲ್ಲಿದೆ ನೋಡೋಣ ಎಂದೆ. ಹೇಗೆ ಕಳಿಸಿದಿರಿ ಎಂದು ಕೇಳಿದಾಗ ನೆಫ್ಟ್‌ನಲ್ಲಿ, ಸಂಜೆ ಏಳರ ಸುಮಾರಿಗೆ ಎಂದರು.

ನೆಫ್ಟ್‌ನಲ್ಲಿ ಹಣ ಅರ್ಧ ಗಂಟೆಗೊಂದು ಕಂತಿನಲ್ಲಿ ಸಾಗುತ್ತದೆ. 2019ರ ಡಿಸೆಂಬರ್ 16ರಿಂದ ಹಗಲು ರಾತ್ರಿ, ರಜೆ ದಿನವೂ ಸೇರಿ ದಿನಕ್ಕೆ 48 ಕಂತು. ಕಂತು ಮುಗಿದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಹಣವನ್ನು ಜಮಾ ಮಾಡಬೇಕು, ಆಗದಿದ್ದರೆ ಹಿಂದಕ್ಕೆ ಕಳಿಸಬೇಕು. ಹಾಗಾಗಿ ಏಳಕ್ಕೆ ಹೊರಟ ಹಣದ ಗತಿ ರಾತ್ರಿ ಒಂಬತ್ತೂವರೆಯೊಳಗೆ ತೀರ್ಮಾನವಾಗಿರಬೇಕಿತ್ತು. ಬಂದ ಹಣವನ್ನು ಕಾರ್ಡಿನ ಲೆಕ್ಕದಲ್ಲಿ ತೋರಿಸಲು ಕೆಲವು ಬ್ಯಾಂಕುಗಳು ಇನ್ನೂ ಸಮಯ ತೆಗೆದುಕೊಳ್ಳುತ್ತವೆ. ಆದ್ದರಿಂದ ಕಾರ್ಡಿನ ಆ್ಯಪ್ ನೋಡಿ ಹಣ ಮುಟ್ಟಿದೆಯೋ ಇಲ್ಲವೋ ಹೇಳಲಾಗದು.

ಮೆಸೇಜುಗಳನ್ನು ಓದಲು ಹೇಳಿದೆ. ಹಣ ಕಡಿತವಾದ ಮೆಸೇಜು ಇತ್ತು. ಅದು ಹೇಳುವುದು ಹಣ ನಮ್ಮ ಖಾತೆ ಬಿಟ್ಟಿತು ಎಂದಷ್ಟೇ. ನೆಫ್ಟ್‌ನಲ್ಲಿ ಎರಡನೆಯದೂ ಒಂದುಂಟು: ಪಡೆಯುವ ಬ್ಯಾಂಕು ಜಮಾ ಮಾಡಿದ ಮೇಲೆ ಹಿಂದಕ್ಕೆ ಖಾತರಿ ಕಳಿಸುತ್ತದೆ, ಆಗ ನಮ್ಮ ಬ್ಯಾಂಕು ಜಮೆಯಾದ ದಿನ, ಸಮಯ ತಿಳಿಸಬೇಕು. ಮುಟ್ಟಿದ್ದಕ್ಕೆ ಅದೇ ಸಾಕ್ಷಿ. ಕಾಕಾ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಅನುಮಾನ ಹುಟ್ಟಿದ್ದು ಅಲ್ಲೇ.

ಖಾತೆಯ ಸ್ಟೇಟ್‌ಮೆಂಟ್ ತೆಗೆಸಿದೆ. ಕಡಿತದ ಸಾಲಿನಲ್ಲಿ ಯುಟಿಆರ್ ಇತ್ತು. ನೆಫ್ಟ್‌ನ ಪ್ರತಿ ಪಾವತಿಗೂ ಅಂಟಿಕೊಂಡು ಬರುವ 16 ಅಕ್ಷರ-ಅಂಕಿಗಳ ಗುರುತು ಅದು. ಎರಡು ಸಾಲು ಬಿಟ್ಟು ಅದೇ ಮೊತ್ತ, ಅದೇ ಯುಟಿಆರ್, ಪಕ್ಕದಲ್ಲಿ RETURN ಎಂಬ ಪದ. ಹಣ ರಾತ್ರಿಯೇ ಮನೆಗೆ ಬಂದುಬಿಟ್ಟಿತ್ತು. "ಯಾರೋ ಗಿರಾಕಿ ಹಾಕ್ಯಾರ ಅನ್ಕೊಂಡೆ" ಎಂದರು ಕಾಕಾ. ಶುಂಠಿ ವ್ಯಾಪಾರದವರ ಖಾತೆಗೆ ದಿನವೂ ಹಾಗೆ ಹಣ ಬೀಳುತ್ತದೆ, ಅವರದೇನೂ ತಪ್ಪಲ್ಲ.

ಹಿಂದಕ್ಕೆ ಬಂದದ್ದೇಕೆ? ಫಲಾನುಭವಿ ಎಂದು ಸೇವ್ ಮಾಡಿಟ್ಟ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿಸಿದೆ, ಆಮೇಲೆ ಕೈಯಲ್ಲಿದ್ದ ಕಾರ್ಡಿನದು. ಹೊಂದಲಿಲ್ಲ. ಹಿಂದೆ ಪರ್ಸು ಕಳೆದು ಕಾರ್ಡು ಬದಲಾಗಿತ್ತು. ನೆಫ್ಟ್‌ನಲ್ಲಿ ಕಾರ್ಡಿನ ಸಂಖ್ಯೆಯೇ ಖಾತೆಯ ಸಂಖ್ಯೆ. ಹೊಸ ಕಾರ್ಡಿಗೆ ಹೊಸ ಸಂಖ್ಯೆ ಬಂದಿದ್ದರೂ ಸೇವ್ ಆಗಿದ್ದ ಹಳೆಯದು ಹಾಗೇ ಉಳಿದಿತ್ತು. ಹಳೆಯ ಸಂಖ್ಯೆಗೆ ಬಂದ ಹಣವನ್ನು ಹೊಸದಕ್ಕೆ ಹಾಕಿಕೊಳ್ಳುವ ಬ್ಯಾಂಕುಗಳೂ ಇವೆ, ಆದರೆ ಅದನ್ನು ನಂಬಿ ಕೂರಲಾಗದು.

ಇನ್ನು ದಂಡದ ಮಾತು. ಕ್ರೆಡಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕು ಮಾಡಿರುವ ನಿಯಮಗಳ ಪ್ರಕಾರ, ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಮಾತ್ರ ಲೇಟ್ ಫೀ ಹಾಕಬಹುದು. ಕ್ರೆಡಿಟ್ ಸ್ಕೋರ್ ಲೆಕ್ಕವಿಡುವ ಸಂಸ್ಥೆಗಳಿಗೆ ಬಾಕಿದಾರ ಎಂದು ತಿಳಿಸುವುದೂ ಆಮೇಲೆಯೇ. ಕಾಕಾಗೆ 10ರವರೆಗೆ ಅವಕಾಶವಿತ್ತು. ಅದೇ ಮಧ್ಯಾಹ್ನ ಕಾರ್ಡಿನ ಬ್ಯಾಂಕಿನ ಆ್ಯಪ್‌ನಲ್ಲೇ ಯುಪಿಐ ಮೂಲಕ ಕಟ್ಟಿಸಿದೆ. ಅಲ್ಲಿ ಕಾರ್ಡ್ ಸಂಖ್ಯೆ ಟೈಪ್ ಮಾಡುವ ಪ್ರಮೇಯವೇ ಇಲ್ಲ. ಮರುದಿನ ಲೆಕ್ಕದಲ್ಲಿ ಕಂಡಿತು, 8ರ ತಾರೀಖಿನಲ್ಲಿ. ಲೇಟ್ ಫೀ ಬೀಳಲಿಲ್ಲ. ಆದರೆ ಈ ಮೂರು ದಿನದ ರಿಯಾಯಿತಿ ಲೇಟ್ ಫೀಯಂಥ ದಂಡಕ್ಕೆ ಹೇಳಿದ್ದು. ಬಡ್ಡಿಯ ಲೆಕ್ಕ ಬೇರೆ. ಮುಂದಿನ ಬಿಲ್ಲಿನಲ್ಲಿ ಬಡ್ಡಿಯ ಸಾಲನ್ನು ಬೇರೆಯಾಗಿ ನೋಡಬೇಕು.

ಹಣ ಹಿಂದೆಯೂ ಬಾರದೆ, ಮುಂದೆಯೂ ಮುಟ್ಟದೆ ಇದ್ದಿದ್ದರೆ ದಾರಿ ಬೇರೆಯಾಗುತ್ತಿತ್ತು. ಆಗ ತಡಮಾಡಿದ ಬ್ಯಾಂಕು ರೆಪೋ ದರಕ್ಕೆ ಶೇ 2 ಸೇರಿಸಿ ಬಡ್ಡಿ ಕೊಡಬೇಕು. ಆ ಅಕ್ಟೋಬರ್‌ನಲ್ಲಿ ರೆಪೋ ಶೇ 5.5, ಅಂದರೆ ಒಟ್ಟು 7.5. ₹18,400ಕ್ಕೆ ದಿನಕ್ಕೆ ನಾಲ್ಕು ರೂಪಾಯಿಯೂ ಆಗದು. ಲೇಟ್ ಫೀಗೆ ಹೋಲಿಸಿದರೆ ಅದು ಏನೂ ಅಲ್ಲ. ಹಾಗಾಗಿ ಲೇಟ್ ಫೀ ಬಿದ್ದರೆ ಯುಟಿಆರ್ ಮತ್ತು ಕಳಿಸಿದ ಸಮಯ ಬರೆದು, ಅದನ್ನು ವಾಪಸು ಮಾಡಿ ಎಂದು ಕಾರ್ಡಿನ ಬ್ಯಾಂಕಿಗೆ ಬೇರೆಯಾಗಿಯೇ ದೂರು ಕೊಡಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಹೋಗಬಹುದು.

ಕಾರ್ಡು ಬದಲಾಗಿದ್ದರೆ ಇವತ್ತೇ ನಿಮ್ಮ ಆ್ಯಪ್‌ನಲ್ಲಿ ಸೇವ್ ಆಗಿರುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಕಾರ್ಡಿನೊಂದಿಗೆ ಹೋಲಿಸಿ ನೋಡಿ.